ಪರೀಕ್ಷೆಗೆ ಮುಂಚೆ ಹಳೆ ಪ್ರಾಜೆಕ್ಟ್ ಫೈಲ್ ತೆಗೆಯುವುದು ಹೇಗೆ?

ಪ್ರಶ್ನೆ (ಕುಮಟಾ ಕಡೆಯ ಶಾಲೆಯೊಂದರ ಲ್ಯಾಬ್ ಇನ್‌ಚಾರ್ಜ್): ಕಂಪ್ಯೂಟರ್ ಮೇಡಂ ಪತ್ರ ಕೊಟ್ಟಿದ್ದಾರೆ. "ಮಕ್ಕಳಿಗೆ ಫೈಲ್ ಸೇವ್ ಮಾಡಲು ಜಾಗವಿಲ್ಲ. ಫೆಬ್ರವರಿ 20ರ ಪ್ರಾಕ್ಟಿಕಲ್ ಒಳಗೆ ಹಳೆ ಬ್ಯಾಚಿನ ಪ್ರಾಜೆಕ್ಟ್ ಫೈಲ್‌ಗಳನ್ನು ತೆಗೆಯಿರಿ, ಈ ವರ್ಷದ ಒಂದೂ ಹೋಗಬಾರದು." ಸರ್ವರ್ ಉಬುಂಟು. `/srv/projects` ಒಳಗೆ ಪ್ರತಿ ವಿದ್ಯಾರ್ಥಿಗೆ ಒಂದು ಫೋಲ್ಡರ್, ಹೆಸರು ಮಕ್ಕಳೇ ಇಟ್ಟದ್ದು. ತರಗತಿ ಶುರುವಾಗಿದ್ದು 2025ರ ಜೂನ್ 1ಕ್ಕೆ. ಹಳೆಯದು ಯಾವುದು ಅಂತ ಗೊತ್ತಾಗುವುದು ಹೇಗೆ?

ಶಿರಸಿಯ ಲ್ಯಾಬ್ ಅಟೆಂಡರ್: ಸರ್, ನಮ್ಮಲ್ಲಿ ಹೋದ ಮಳೆಗಾಲದಲ್ಲಿ ಕಪಾಟಿನ ಫೈಲುಗಳಿಗೆಲ್ಲ ಒರಲೆ ಹಿಡಿದಿತ್ತು. ಪ್ರಿನ್ಸಿಪಾಲರ ಸಹಿ ತಗೊಂಡು ರದ್ದಿಗೆ ಹಾಕಿದೆವು. ನೀವೂ ಸಹಿ ತಗೊಳ್ಳಿ.

ಕೇಳಿದವರು: ಕಾಗದದ ಫೈಲಲ್ಲ ಮಾರಾಯ್ರೇ, ಕಂಪ್ಯೂಟರಿನದ್ದು. ಸಹಿ ಮಾತ್ರ ತಗೊಳ್ತೇನೆ.

ಕಾರವಾರದ ಐಟಿಐ ವಿದ್ಯಾರ್ಥಿ: ಒಂದೇ ಸಾಲು ಸಾಕು ಸರ್. ವರ್ಷಕ್ಕಿಂತ ಹಳೆಯದೆಲ್ಲ ಹೋಗುತ್ತದೆ.

```
find /srv/projects -type f -mtime +365 -delete
```

ಹೊನ್ನಾವರದವರು, ಸರ್ವರ್ ನೋಡಿಕೊಳ್ಳುವ ಕೆಲಸ: ತಮ್ಮಾ, ಕಮಾಂಡ್ ತಪ್ಪಲ್ಲ. ಆದರೆ ಈ ಕೆಲಸಕ್ಕೆ ಆಗುವುದಿಲ್ಲ.

365 ದಿನ ಹಿಂದೆ ಎಣಿಸಿದರೆ ಹೋದ ಫೆಬ್ರವರಿಗೆ ಬಂದು ನಿಲ್ಲುತ್ತದೆ. ಹೋದ ವರ್ಷದ ಮಕ್ಕಳು ಪ್ರಾಜೆಕ್ಟ್ ಮುಗಿಸಿದ್ದೇ ಆ ಹೊತ್ತಿಗೆ, ಪರೀಕ್ಷೆ ಹತ್ತಿರ ಬಂದ ಮೇಲೆ. ಅಂದರೆ ತೆಗೆಯಬೇಕಾದ ಫೈಲುಗಳಲ್ಲಿ ಸುಮಾರು ಹಾಗೇ ಉಳಿಯುತ್ತವೆ. ಅದಕ್ಕೆ ದಿನ ಎಣಿಸಬೇಡಿ, ಜೂನ್ 1ನ್ನೇ ಗೆರೆ ಮಾಡಿಕೊಳ್ಳಿ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಈ ವರ್ಷದ ಹುಡುಗಿ ಯಾವುದೋ ಜಿಪ್ ಇಳಿಸಿ `unzip` ಮಾಡಿರುತ್ತಾಳೆ. ಒಳಗಿನ ಚಿತ್ರಗಳಿಗೆ ಜಿಪ್ ಮಾಡುವಾಗ ಇದ್ದ ಹಳೆ ತಾರೀಖೇ ಬರುತ್ತದೆ, 2022 ಅಂತಲೂ ಇರಬಹುದು. ಒಂದೊಂದೇ ಫೈಲಿನ ತಾರೀಖು ನೋಡಿ ಅಳಿಸಿದರೆ ಪ್ರೋಗ್ರಾಂ ಉಳಿದು ಚಿತ್ರ ಹೋಗುತ್ತದೆ. ಗೊತ್ತಾಗುವುದು ಪರೀಕ್ಷೆಯ ದಿನ. ಹಾಗಾಗಿ ಫೈಲು ನೋಡದೆ ಇಡೀ ಫೋಲ್ಡರ್ ನೋಡಬೇಕು: ಜೂನ್ 1ರ ನಂತರ ಒಂದು ಫೈಲೂ ಮುಟ್ಟದ ಫೋಲ್ಡರ್ ಯಾವುದು?

```
cd /srv/projects
for d in ./*/; do
  [ -z "$(find "$d" -type f -newermt 2025-06-01 -print -quit)" ] && du -sh "$d"
done
```

ಇದು ಏನನ್ನೂ ಅಳಿಸುವುದಿಲ್ಲ, ಹೆಸರು ಮತ್ತು ಗಾತ್ರ ತೋರಿಸುತ್ತದೆ ಅಷ್ಟೆ. ಪಟ್ಟಿಯನ್ನು ಮೇಡಂ ಅವರ ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ. ಖಾಲಿ ಫೋಲ್ಡರ್ ಕೂಡ ಪಟ್ಟಿಯಲ್ಲಿ ಬರುತ್ತದೆ, ಹೆದರಬೇಡಿ.

ಕೇಳಿದವರು: ಓಡಿಸಿದೆ ಸರ್. 140 ಫೋಲ್ಡರಿನಲ್ಲಿ ಬಂದದ್ದು ಬರೀ 6, ಅವೂ ಖಾಲಿ! ಹಳೆಯವೇ 90 ಆದರೂ ಇರಬೇಕು.

ಹೊನ್ನಾವರದವರು: ಯಾವುದಾದರೂ ಹಳೆ ಫೋಲ್ಡರಿನಲ್ಲಿ `ls -l` ಮಾಡಿ. ತಾರೀಖು ಏನಿದೆ?

ಕೇಳಿದವರು: ಎಲ್ಲ ಅಕ್ಟೋಬರ್ 23. ಹೌದು ನೋಡಿ, ದೀಪಾವಳಿ ರಜೆಯಲ್ಲಿ ಹೊಸ ಡಿಸ್ಕ್ ಹಾಕಿ ಎಲ್ಲ ಕಾಪಿ ಮಾಡಿದ್ದೆ.

ಹೊನ್ನಾವರದವರು: `cp -r` ಮಾಡಿದ್ದಿರಿ ಅಲ್ವಾ? ಅದು ಕಾಪಿ ಮಾಡಿದ ದಿನದ ತಾರೀಖು ಹಾಕುತ್ತದೆ. `cp -a` ಆಗಿದ್ದರೆ ಹಳೆ ತಾರೀಖೇ ಇರುತ್ತಿತ್ತು. ಹಳೆ ಡಿಸ್ಕ್ ಇದೆಯೇ?

ಕೇಳಿದವರು: ಕಪಾಟಿನಲ್ಲಿದೆ. ಒರಲೆ ತಿಂದಿಲ್ಲ!

ಹೊನ್ನಾವರದವರು: ಬದುಕಿದಿರಿ. ಅದನ್ನು ಜೋಡಿಸಿ, `cd` ಸಾಲಿನಲ್ಲಿ ಆ ಡಿಸ್ಕಿನ ಫೋಲ್ಡರ್ ಕೊಟ್ಟು ಇದನ್ನೇ ಓಡಿಸಿ. ಅಲ್ಲಿ ಬರುವ ಹೆಸರುಗಳೇ ನಿಮ್ಮ ಪಟ್ಟಿ. ಅಕ್ಟೋಬರ್ ತನಕ ಏನೂ ಬರೆಯದ ಮಗು ಇದ್ದರೆ ಅದರ ಹೆಸರೂ ಬರುತ್ತದೆ, ಹಾಜರಿ ಪುಸ್ತಕ ಬಿಡಬೇಡಿ.

ಅಂಕೋಲೆಯ ಶಿಕ್ಷಕಿ: ನಾನು 12 ಜಿಬಿ ಅಳಿಸಿದರೂ ಜಾಗ ಬರಲಿಲ್ಲ. ಡಿಸ್ಕೇ ಹಾಳಾಗಿತ್ತಾ?

ಹೊನ್ನಾವರದವರು: ಮೌಸಿನಿಂದ ಅಳಿಸಿದ್ದರೆ ಟ್ರ್ಯಾಶ್‌ನಲ್ಲಿ ಕೂತಿರುತ್ತದೆ ಮೇಡಂ. ಅದನ್ನು ಖಾಲಿ ಮಾಡುವ ತನಕ `df -h` ಅದೇ ಅಂಕಿ ತೋರಿಸುತ್ತದೆ.

ಐಟಿಐ ವಿದ್ಯಾರ್ಥಿ: ಹಾಗಾದರೆ ನೇರ `rm -r`?

ಹೊನ್ನಾವರದವರು: ನಾನಾದರೆ ಮೊದಲು ಹೊರಗಿನ ಡಿಸ್ಕಿಗೆ `rsync -a` ಮಾಡಿ, ನಾಲ್ಕು ಫೈಲ್ ತೆರೆದು ನೋಡಿ, ಆಮೇಲೆ ಅಳಿಸುತ್ತೇನೆ. ರಿಸಲ್ಟ್ ಬರುವ ತನಕ ಆ ಕಾಪಿ ಇರಲಿ.

ಅಂಕೋಲೆಯ ಶಿಕ್ಷಕಿ: ರಿಸಲ್ಟ್ ಸಾಲದು, ಒಂದು ವರ್ಷ ಇಡಿ. ನಮ್ಮ ಹಳೆ ಹುಡುಗನೊಬ್ಬ ಡಿಪ್ಲೊಮಾಕ್ಕೆ ಬೇಕು ಅಂತ ಕೇಳಿಕೊಂಡು ಬಂದಿದ್ದ.

ಹೊನ್ನಾವರದವರು: ಅಷ್ಟು ದಿನ ಇಡಬೇಕು ಅಂತ ನನಗೇನೂ ಅನಿಸುವುದಿಲ್ಲ. ನಿಮ್ಮ ಶಾಲೆ, ನಿಮ್ಮ ಕಪಾಟು.

ಕೇಳಿದವರು (ಮರುದಿನ): ಹಳೆ ಡಿಸ್ಕಿನಲ್ಲಿ 94 ಬಂತು. ಮೇಡಂ ಕೂತು ನೋಡಿದರು. ಮೂರು ಈ ವರ್ಷದವು, ಬಿಟ್ಟೆವು. ಉಳಿದ 91 ಹೊರಗಿನ ಡಿಸ್ಕಿಗೆ ಹೋಗಿ ಇಲ್ಲಿಂದ ಅಳಿಸಿ ಆಯ್ತು, 38 ಜಿಬಿ ಬಿಟ್ಟಿತು. ಆ ಮೂರರಲ್ಲಿ ಒಂದು ಇನ್ನೂ ಖಾಲಿ. ಹುಡುಗನನ್ನು ಕೇಳಿದರೆ, "ಸರ್, ನಂದೆಲ್ಲ ಏಳನೇ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿದೆ" ಅಂದ. ಆ ಕಂಪ್ಯೂಟರನ್ನು ಹೋದ ವಾರ ಫಾರ್ಮ್ಯಾಟ್ ಮಾಡಿದ್ದೇವೆ.