ನೇರ ವಿಧಾನದಲ್ಲಿ 4 ಲಕ್ಷ, ಪರೋಕ್ಷದಲ್ಲಿ 5 ಲಕ್ಷ: ಎಡವಿದ್ದು ಎಲ್ಲಿ?

ಕೇಳಿದವರು: ಬಿ.ಕಾಂ. ಕೊನೆ ವರ್ಷ, ಬಾಗಲಕೋಟೆ

ಇಳಕಲ್ ಸೀರೆಯ ಸಗಟು ಅಂಗಡಿ ಅಂತ ಒಂದು ಲೆಕ್ಕ ಕೊಟ್ಟಿದ್ದಾರೆ. ಕ್ಯಾಶ್ ಫ್ಲೋ ಸ್ಟೇಟ್‌ಮೆಂಟನ್ನು, ಅಂದರೆ ಹಣ ಎಲ್ಲಿಂದ ಬಂತು ಎಲ್ಲಿ ಹೋಯಿತು ಅನ್ನುವ ಪಟ್ಟಿಯನ್ನು, ಎರಡೂ ವಿಧಾನದಲ್ಲಿ ಮಾಡಬೇಕು: ನೇರದಲ್ಲಿ ಬಂದ-ಹೋದ ಹಣವನ್ನೇ ಬರೆಯುವುದು, ಪರೋಕ್ಷದಲ್ಲಿ ಲಾಭದಿಂದ ಶುರು ಮಾಡಿ ಹಣಕ್ಕೆ ಬರುವುದು. ಎಲ್ಲ ಅಂಕಿ ಲಕ್ಷ ರೂಪಾಯಿಯಲ್ಲಿ.

ಮಾರಾಟ 80, ಮಾರಿದ ಸೀರೆಗಳ ಅಸಲು 52, ಸಂಬಳ ಮತ್ತು ಅಂಗಡಿ ಖರ್ಚು 12, ಸವಕಳಿ 3, ಬ್ಯಾಂಕ್ ಬಡ್ಡಿ 2. ಹಳೇ ವ್ಯಾನ್ ಮಾರಿ ಬಂದ ಲಾಭ 1. ತೆರಿಗೆಗೆ ಮುಂಚಿನ ಲಾಭ 12. ತೆರಿಗೆ 3, ಪೂರ್ತಿ ಕಟ್ಟಿದ್ದಾರೆ. ಬಡ್ಡಿಯೂ ಪೂರ್ತಿ ಕಟ್ಟಿದೆ.

ಉದ್ರಿ ಬಾಕಿ 10 ಇದ್ದದ್ದು 17 ಆಗಿದೆ. ಸ್ಟಾಕ್ 14ರಿಂದ 18. ನೇಕಾರರಿಗೆ ಕೊಡಬೇಕಾದದ್ದು 8ರಿಂದ 11. ಕೊಡಬೇಕಿದ್ದ ಸಂಬಳ-ಖರ್ಚು 2ರಿಂದ 1.

ಹಳೇ ವ್ಯಾನ್ 3ಕ್ಕೆ ಹೋಯಿತು, ಹೊಸದು 9ಕ್ಕೆ ಬಂತು. ಹೊಸ ಸಾಲ 5. ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ ಇದ್ದ ಹಣ 2, ಈಗ 3.

ವ್ಯಾಪಾರದಿಂದ ಬಂದ ಹಣ ನೇರ ವಿಧಾನದಲ್ಲಿ 4 ಬಂತು, ಪರೋಕ್ಷದಲ್ಲಿ 5. ಮೂರು ಸಲ ಮಾಡಿದೆ, ಅದೇ ಬರುತ್ತಿದೆ. ಇಂಥದ್ದು ಮಾಡಿದ ಅನುಭವ ಇರುವವರು ಹೇಳ್ತೀರಾ?

ಜಮಖಂಡಿಯಿಂದ, ಟ್ಯೂಷನ್ ಹೇಳುವವರು

ತಂಗಿ, ಗಾಬರಿ ಬೇಡ. ನೇರ ವಿಧಾನದಲ್ಲಿ ಸವಕಳಿ ಬರುವುದೇ ಇಲ್ಲ, ಯಾಕೆಂದರೆ ಸವಕಳಿಗೆ ಯಾರೂ ಹಣ ಕೊಡುವುದಿಲ್ಲ. ಪರೋಕ್ಷದಲ್ಲಿ ಅದನ್ನು ಕೂಡಿಸುತ್ತೇವೆ. ಹಾಗಾಗಿ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಪರೀಕ್ಷೆಯಲ್ಲಿ ಯಾವುದು ಕೇಳಿದ್ದಾರೋ ಅದನ್ನು ಬರೆದು ಬಿಡು.

ವಿಜಯಪುರದಿಂದ, ಒಣದ್ರಾಕ್ಷಿ ವ್ಯಾಪಾರಿ

ನೇರ ಅಂದರೆ ಇನ್‌ಕಮ್ ಟ್ಯಾಕ್ಸ್, ಪರೋಕ್ಷ ಅಂದರೆ ಜಿಎಸ್‌ಟಿ ಅಲ್ವಾ? ನಿಮ್ಮ ಲೆಕ್ಕದಲ್ಲಿ ಜಿಎಸ್‌ಟಿ ಎಲ್ಲೂ ಕಾಣಲಿಲ್ಲ. ನಮ್ಮಲ್ಲಿ ಗಿರಾಕಿ ಕೊಡುವ ಹಣದಲ್ಲಿ ಜಿಎಸ್‌ಟಿ ಸೇರಿಯೇ ಬರುತ್ತದೆ. ಅದನ್ನು ಬಿಟ್ಟರೆ ಲೆಕ್ಕ ಕೂಡುವುದು ಹೇಗೆ?

ಬೆಳಗಾವಿಯಿಂದ, ಫೌಂಡ್ರಿಯೊಂದರ ಲೆಕ್ಕ ನೋಡುವವರು

ಜಮಖಂಡಿ ಸರ್ ಸವಕಳಿ ಬಗ್ಗೆ ಹೇಳಿದ್ದು ಅರ್ಧ ಸರಿ. ನೇರ ವಿಧಾನದಲ್ಲಿ ಅದು ಬರುವುದಿಲ್ಲ, ನಿಜ. ಆದರೆ ಪರೋಕ್ಷದಲ್ಲಿ ಅದನ್ನು ಕೂಡಿಸುವುದು ಲಾಭದಿಂದ ಮೊದಲೇ ಕಳೆದಿದ್ದಾರೆ ಅಂತ. ಕಳೆದದ್ದನ್ನೇ ವಾಪಸ್ ಹಾಕಿದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಎರಡು ವಿಧಾನದ ಉತ್ತರ ಒಂದೇ ಆಗಬೇಕು, ರೂಪಾಯಿಯೂ ಆಚೀಚೆ ಆಗಬಾರದು. ದಾರಿ ಮಾತ್ರ ಬೇರೆ. ಅದೂ ವ್ಯಾಪಾರದ ಭಾಗದಲ್ಲಿ ಮಾತ್ರ. ವ್ಯಾನ್, ಸಾಲ, ಬಡ್ಡಿ ಇರುವ ಕೆಳಗಿನ ಎರಡು ಭಾಗ ಎರಡರಲ್ಲೂ ಒಂದೇ ಥರ ಇರುತ್ತವೆ.

ನಾನು ಇಂಥ ಲೆಕ್ಕ ಕೈಗೆ ಬಂದರೆ ಮೊದಲು ಕೆಳಗಿನಿಂದ ಶುರು ಮಾಡುತ್ತೇನೆ. ಹಣ 2 ಇದ್ದದ್ದು 3 ಆಗಿದೆ, ಅಂದರೆ 1 ಹೆಚ್ಚಾಗಿದೆ. ವ್ಯಾನ್ ಭಾಗದಲ್ಲಿ 3 ಬಂದು 9 ಹೋಗಿದೆ, ಅಲ್ಲಿ 6 ಕಡಿಮೆ. ಸಾಲದ ಭಾಗದಲ್ಲಿ 5 ಬಂದು ಬಡ್ಡಿ 2 ಹೋಗಿದೆ, ಅಲ್ಲಿ 3 ಜಾಸ್ತಿ. ಹಾಗಾದರೆ ವ್ಯಾಪಾರದಿಂದ 4 ಬಂದಿರಲೇಬೇಕು. ಈಗ ನಿಮ್ಮ ನೇರ ವಿಧಾನ ಸರಿ, ಪರೋಕ್ಷದಲ್ಲೇ ತಪ್ಪು ಅಂತ ಗೊತ್ತಾಯಿತು. ಅರ್ಧ ಹುಡುಕಾಟ ಇಲ್ಲೇ ಮುಗಿಯಿತು.

ವ್ಯತ್ಯಾಸ 1. ನಿಮ್ಮ ಲೆಕ್ಕದಲ್ಲಿ 1 ಅನ್ನುವ ಅಂಕಿ ಎರಡು ಕಡೆ ಇದೆ: ಬಾಕಿ ಖರ್ಚು 1 ಇಳಿದದ್ದು, ವ್ಯಾನ್ ಮಾರಿದ ಲಾಭ 1. ಇವೆರಡರಲ್ಲಿ ಒಂದನ್ನು ಬಿಟ್ಟಿದ್ದೀರಿ. ಕಳೆಯುವ ಕಡೆ ಕೂಡಿಸಿದ್ದರೆ ವ್ಯತ್ಯಾಸ ಎರಡರಷ್ಟು ಬರುತ್ತಿತ್ತು, ಅಂದರೆ 2. ನನ್ನ ಅಂದಾಜು ವ್ಯಾನ್ ಮೇಲೆ. ಹತ್ತರಲ್ಲಿ ಎಂಟು ಹುಡುಗರು ಬಿಡುವುದು ಅದನ್ನೇ.

ವ್ಯಾನ್ 3ಕ್ಕೆ ಮಾರಿದರು. ಆ 3 ಪೂರ್ತಿ ವ್ಯಾನ್ ಭಾಗದಲ್ಲಿ ಬರೆದಾಯಿತು. ಅದರೊಳಗಿನ 1 ಲಾಭ ಮೇಲಿನ 12ರಲ್ಲೂ ಕೂತಿದೆ. ಅಲ್ಲಿಂದ ತೆಗೆಯದಿದ್ದರೆ ಒಂದೇ ಹಣವನ್ನು ಎರಡು ಸಲ ಎಣಿಸಿದ ಹಾಗೆ. ಸರಿಯಾಗಿ ಬರೆದರೆ ಹೀಗೆ:

12ಕ್ಕೆ ಸವಕಳಿ 3, ಬಡ್ಡಿ 2 ಕೂಡಿಸಿ, ವ್ಯಾನ್ ಲಾಭ 1 ಕಳೆಯಿರಿ. 16 ಬರುತ್ತದೆ. ಉದ್ರಿ ಏರಿದ್ದಕ್ಕೆ 7 ಕಳೆಯಿರಿ, ಸ್ಟಾಕ್ ಏರಿದ್ದಕ್ಕೆ 4 ಕಳೆಯಿರಿ, ನೇಕಾರರ ಬಾಕಿ ಏರಿದ್ದಕ್ಕೆ 3 ಕೂಡಿಸಿ, ಬಾಕಿ ಖರ್ಚು ಇಳಿದದ್ದಕ್ಕೆ 1 ಕಳೆಯಿರಿ. 7 ಉಳಿಯಿತು. ತೆರಿಗೆ 3 ಹೋದರೆ 4.

ನೇರ ವಿಧಾನದ್ದು ನೀವು ಬರೆದಿಲ್ಲ, ಆದರೆ ಹೀಗೇ ಮಾಡಿರಬೇಕು. ಗಿರಾಕಿಗಳಿಂದ 80 ಕೂಡಿಸು 10 ಕಳೆ 17, ಅಂದರೆ 73. ಖರೀದಿ 52 ಕೂಡಿಸು 18 ಕಳೆ 14, ಅಂದರೆ 56. ನೇಕಾರರಿಗೆ ಕೊಟ್ಟದ್ದು 56 ಕೂಡಿಸು 8 ಕಳೆ 11, ಅಂದರೆ 53. ಖರ್ಚಿಗೆ 12 ಕೂಡಿಸು 2 ಕಳೆ 1, ಅಂದರೆ 13. 73ರಲ್ಲಿ 53 ಮತ್ತು 13 ಹೋದರೆ 7, ತೆರಿಗೆ ಹೋದರೆ ಅದೇ 4. ಇಲ್ಲಿ ವ್ಯಾನ್ ಮಾತೇ ಬರಲಿಲ್ಲ ನೋಡಿ. ಅದಕ್ಕೇ ನೇರದಲ್ಲಿ ನೀವು ಎಡವಲಿಲ್ಲ.

ವಿಜಯಪುರದ ಸಾಹುಕಾರರು ಪ್ರಶ್ನೆಯನ್ನು ಬೇರೆ ಥರ ತಿಳಿದುಕೊಂಡರೂ ಒಂದು ಒಳ್ಳೇ ಮಾತು ಎತ್ತಿದರು. ನಿಜವಾದ ಅಂಗಡಿಯಲ್ಲಿ ಮಾರಾಟದ ಅಂಕಿಯಲ್ಲಿ ಜಿಎಸ್‌ಟಿ ಇರುವುದಿಲ್ಲ, ಉದ್ರಿ ಬಾಕಿಯಲ್ಲಿ ಇರುತ್ತದೆ. ಹಾಗಾಗಿ ಗಿರಾಕಿಗಳಿಂದ ಬಂದದ್ದನ್ನು ಹೀಗೆ ಲೆಕ್ಕ ಕಟ್ಟಿ ತೆಗೆದರೆ ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆ ಆಗುವುದಿಲ್ಲ. ಕಲಿಯುವ ಲೆಕ್ಕದಲ್ಲಿ ಅದನ್ನು ಬಿಟ್ಟಿರುತ್ತಾರೆ, ಅಷ್ಟೇ.

ಇಳಕಲ್‌ನಿಂದ, ಸೀರೆ ಅಂಗಡಿಯವರು

ಲೆಕ್ಕದ ಪಾಠ ನನಗೆ ಬೇಡ. ಆದರೆ ಆ ಪರೋಕ್ಷದ ಸಾಲುಗಳನ್ನು ಓದಿ ನನ್ನದೇ ಅಂಗಡಿ ಕಂಡಂತಾಯಿತು. ಪ್ರತಿ ವರ್ಷ ಲೆಕ್ಕ ಬರೆಯುವವರು ಇಷ್ಟು ಲಾಭ ಅಂತ ಹೇಳುತ್ತಾರೆ, ನಾನು ಗಲ್ಲಾ ಪೆಟ್ಟಿಗೆ ತೆಗೆದು ನೋಡುತ್ತೇನೆ, ಏನೂ ಇರುವುದಿಲ್ಲ. ಈಗ ಗೊತ್ತಾಯಿತು. 12 ಲಾಭದಲ್ಲಿ 7 ಉದ್ರಿಯಲ್ಲಿ ಕೂತಿದೆ, 4 ಕಪಾಟಿನಲ್ಲಿ ಸೀರೆಯಾಗಿ ಕೂತಿದೆ. ಲಗ್ನದ ಸೀಸನ್‌ನಲ್ಲಿ ಕೊಟ್ಟ ಉದ್ರಿ ದೀಪಾವಳಿಗೂ ಬರುವುದಿಲ್ಲ, ಏನು ಮಾಡೋದು?

ನೇರ ವಿಧಾನ ಅಂದರೆ ನಮ್ಮ ತಂದೆಯವರು ಬರೆಯುತ್ತಿದ್ದ ಕಿರ್ದಿಯೇ ಅನಿಸಿತು. ಯಾರು ಕೊಟ್ಟರು, ಯಾರಿಗೆ ಕೊಟ್ಟೆ. ಸುಲಭ. ಆದರೆ ಲಾಭ ಎಲ್ಲಿ ಹೋಯಿತು ಅಂತ ಕಿರ್ದಿ ಹೇಳುತ್ತಿರಲಿಲ್ಲ.

ಬನಹಟ್ಟಿಯಿಂದ, ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರು

ಅಂಗಡಿಯವರು ಉದ್ರಿ ಮಾತು ತೆಗೆದದ್ದಕ್ಕೆ ನನ್ನದೊಂದು ತಪ್ಪು ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನೂಲಿನ ವ್ಯಾಪಾರದ ಕ್ಯಾಶ್ ಫ್ಲೋ ಎರಡೂ ಥರ ಮಾಡಿದ್ದೆ. ಎರಡೂ ಕಡೆ ಒಂದೇ ಉತ್ತರ. ಖುಷಿಯಿಂದ ಸರ್ ಮುಂದೆ ಇಟ್ಟೆ. ಅವರು ನೇರ ವಿಧಾನದ ಮೊದಲ ಸಾಲು ನೋಡಿ, ಇಷ್ಟು ಹಣ ಗಿರಾಕಿಗಳಿಂದ ಬಂದೇ ಇಲ್ಲ ಅಂದರು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ತೋರಿಸಿದರು. ನಿಜವಾಗಿ ಬಂದಿರಲಿಲ್ಲ.

ಆಗಿದ್ದು ಏನಂದರೆ, ಮುಳುಗಿದ ಉದ್ರಿಯನ್ನು ಆ ವರ್ಷ ಖರ್ಚಿಗೆ ಹಾಕಿ ಕೈಬಿಟ್ಟಿದ್ದರು. ಈ ಲೆಕ್ಕದಲ್ಲೇ ತೋರಿಸುತ್ತೇನೆ. ಖರ್ಚು 12ರಲ್ಲಿ 1 ಹಾಗೆ ಮುಳುಗಿದ ಉದ್ರಿ ಅಂದುಕೊಳ್ಳಿ. ಉದ್ರಿ ಖಾತೆಯಿಂದ ಕಡಿಮೆಯಾದ 73ರಲ್ಲಿ ಆ 1 ಹಣ ಬಂದು ಕಡಿಮೆಯಾಗಿದ್ದಲ್ಲ, ಬರೆದು ಹಾಕಿದ್ದರಿಂದ. ಹಾಗಾಗಿ ಗಿರಾಕಿಗಳಿಂದ ಬಂದದ್ದು 73 ಅಲ್ಲ, 72. ಖರ್ಚಿಗೆ ಕೈಯಿಂದ ಹೋದದ್ದು 13 ಅಲ್ಲ, 12. 72ರಲ್ಲಿ 53 ಮತ್ತು 12 ಹೋದರೂ ಅದೇ 7! ಮೊದಲು ಮಾಡಿದ್ದರಲ್ಲಿ ಮೊತ್ತ ಸರಿ, ಎರಡು ಸಾಲು ತಪ್ಪು. ಪರೋಕ್ಷದ ಜೊತೆ ತಾಳೆ ನೋಡಿದರೆ ಇದು ಯಾವತ್ತೂ ಸಿಕ್ಕಿಬೀಳುವುದಿಲ್ಲ. ಬ್ಯಾಂಕಿನ ಜಮಾ ಸಾಲುಗಳನ್ನೇ ಕೂಡಿಸಿ ನೋಡಬೇಕು.

ಅವತ್ತಿನಿಂದ ನೇರ ವಿಧಾನಕ್ಕೆ ಕೂರುವ ಮೊದಲು ಖರ್ಚಿನ ಖಾತೆ ಬಿಡಿಸಿ ಓದುತ್ತೇನೆ.

ಬೆಳಗಾವಿಯಿಂದ, ಫೌಂಡ್ರಿಯವರು ಮತ್ತೆ

ಬನಹಟ್ಟಿ ಅಕ್ಕ ಹೇಳಿದ್ದು ಸರಿ. ಇಂಥ ಕಿರಿಕಿರಿಗೇ ಕಂಪನಿಗಳು ನೇರ ವಿಧಾನದ ತಂಟೆಗೆ ಹೋಗುವುದಿಲ್ಲ. ಕ್ಯಾಶ್ ಫ್ಲೋ ಹೇಗೆ ಬರೆಯಬೇಕು ಅಂತ ಹೇಳುವ ಮಾನದಂಡ ಇಂಡ್ ಎಎಸ್ 7 ನೇರ ವಿಧಾನಕ್ಕೇ ಒತ್ತು ಕೊಡುತ್ತದೆ. ಆದರೆ ಷೇರುಪೇಟೆಯಲ್ಲಿರುವ ಕಂಪನಿಗಳು ವಾರ್ಷಿಕ ವರದಿಯಲ್ಲಿ ಪರೋಕ್ಷ ವಿಧಾನವನ್ನೇ ಕೊಡಬೇಕು ಅಂತ ಸೆಬಿ ನಿಯಮ ಇದೆ. ಇನ್ನು ಇಂಥ ಸಣ್ಣ ಅಂಗಡಿಗೆ ಕ್ಯಾಶ್ ಫ್ಲೋ ಕಡ್ಡಾಯವೇ ಅಲ್ಲ. ಕಂಪನಿ ಕಾಯ್ದೆ 2013ರಲ್ಲಿ ಸಣ್ಣ ಕಂಪನಿಗೂ ವಿನಾಯಿತಿ ಇದೆ.

ಆದರೂ ಮುಂದಿನ ಮೂರು ತಿಂಗಳು ಸಂಬಳಕ್ಕೆ ದುಡ್ಡು ಸಾಲುತ್ತದಾ ಅಂತ ನೋಡಲು ನಾನು ಮಾಡುವುದು ನೇರದ ಥರದ ಪಟ್ಟಿಯನ್ನೇ. ಲಾಭದಿಂದ ಶುರು ಮಾಡಿದರೆ ಶನಿವಾರದ ಬಟವಾಡೆಗೆ ಉತ್ತರ ಸಿಗುವುದಿಲ್ಲ.

ಕೇಳಿದವರು

ಸರ್, ವ್ಯಾನ್ ಲಾಭವೇ! ಕಳೆದಿರಲಿಲ್ಲ. ಕಳೆದ ಮೇಲೆ 4 ಬಂತು. ಜಮಖಂಡಿ ಸರ್, ಬೇಜಾರಾಗಬೇಡಿ.

ಇನ್ನೊಂದು ಸಂಶಯ. ಆ 5 ಲಕ್ಷ ಸಾಲ ಬ್ಯಾಂಕಿನ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಖಾತೆಯದ್ದು ಅಂತ ಕೆಳಗೆ ಸಣ್ಣದಾಗಿ ಬರೆದಿದ್ದಾರೆ. ದಿನಾ ಹಾಕುವುದು, ತೆಗೆಯುವುದು ಅಲ್ಲೇ. ಅದನ್ನು ಸಾಲ ಅನ್ನಬೇಕಾ, ಅಂಗಡಿಯ ಹಣದಲ್ಲೇ ಕಳೆಯಬೇಕಾ?

ಬನಹಟ್ಟಿಯಿಂದ

ನಾನಾದರೆ ಹಣದಲ್ಲೇ ಕಳೆಯುತ್ತೇನೆ. ಬೇಕೆಂದಾಗ ಬ್ಯಾಂಕು ವಾಪಸ್ ಕೇಳಬಹುದಾದ ಓವರ್‌ಡ್ರಾಫ್ಟ್ ಅಂಗಡಿಯ ದಿನನಿತ್ಯದ ಹಣದ ಭಾಗವೇ ಆಗಿದ್ದರೆ ಹಾಗೆ ಮಾಡಬಹುದು ಅಂತ ಇಂಡ್ ಎಎಸ್ 7 ಹೇಳುತ್ತದೆ. ಆಗ ಕೊನೆಯ ಹಣ 3 ಅಲ್ಲ, ಸೊನ್ನೆಗಿಂತ 2 ಕಡಿಮೆ. ವರ್ಷದಲ್ಲಿ ಹಣ 1 ಏರಲಿಲ್ಲ, 4 ಇಳಿಯಿತು. ವ್ಯಾಪಾರದ 4 ಮಾತ್ರ ಹಾಗೇ ಇರುತ್ತದೆ.

ಬೆಳಗಾವಿಯಿಂದ

ನಾನು ಒಪ್ಪುವುದಿಲ್ಲ. ಇಂಥ ಅಂಗಡಿಯ ಲೆಕ್ಕ ಹೋಗುವುದು ಇಂಡ್ ಎಎಸ್ 7ರದ್ದಲ್ಲ, ಎಎಸ್ 3 ಅನ್ನುವ ಇನ್ನೊಂದು ಮಾನದಂಡದ ದಾರಿಯಲ್ಲಿ. ಅದರಲ್ಲಿ ಓವರ್‌ಡ್ರಾಫ್ಟ್ ಬಗ್ಗೆ ಆ ಮಾತಿಲ್ಲ. ನಮ್ಮಲ್ಲಿ ಸಿಸಿ ಖಾತೆ ವರ್ಷಪೂರ್ತಿ ಸಾಲದಲ್ಲೇ ಇರುತ್ತದೆ, ಒಂದು ದಿನವೂ ಜಮಾಕ್ಕೆ ಬಂದದ್ದಿಲ್ಲ. ಅದನ್ನು ಕೈಯಲ್ಲಿರುವ ಹಣ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸಾಲದ ಭಾಗದಲ್ಲೇ ಹಾಕಿ. ನಿಮ್ಮ ಮೇಡಮ್ ಯಾವ ಕಡೆ ಅಂತ ಕೇಳಿ ಬಂದು ಇಲ್ಲಿ ಬರೆಯಿರಿ.