ಫೆಬ್ರವರಿ 16ಕ್ಕೆ ಸೇರಿದವರ ಸಂಬಳ: 18,200, 19,500 ಅಥವಾ 21,000?

ಶ್ವೇತಾ (ಪ್ರಶ್ನೆ): 2026ರ ಫೆಬ್ರವರಿ 16, ಸೋಮವಾರ, ಬೆಂಗಳೂರಲ್ಲಿ ಹೊಸ ಕೆಲಸಕ್ಕೆ ಸೇರಿದೆ. ತಿಂಗಳ ಗ್ರಾಸ್ 42,000 ರೂಪಾಯಿ. ನನ್ನ ಲೆಕ್ಕದಲ್ಲಿ 19,500 ಬರಬೇಕು, ಪೇಸ್ಲಿಪ್‌ನಲ್ಲಿ 18,200 ಅಂತಿದೆ. ಅದೇ ದಿನ ಅಷ್ಟೇ ಸಂಬಳಕ್ಕೆ ಬೇರೆ ಕಡೆ ಸೇರಿದ ಗೆಳತಿಗೆ 21,000. ಯಾವುದು ಸರಿ? ಎಚ್‌ಆರ್‌ನವರನ್ನ ಏನಂತ ಕೇಳಲಿ?

ಮಂಜುನಾಥ: ಕಾನೂನಿನ ಪ್ರಕಾರ 26ರಿಂದ ಭಾಗಿಸಬೇಕು. 42,000 ಭಾಗಿಸು 26, ಗುಣಿಸು 13 ದಿನ, 21,000. ನಿಮ್ಮ ಗೆಳತಿಯ ಕಂಪನಿಯದ್ದೇ ಸರಿ.

ಸವಿತಾ: ಮಂಜುನಾಥ್ ಸರ್, 26 ಅನ್ನೋದು ಗ್ರಾಚ್ಯುಟಿ ಸೂತ್ರದ ಅಂಕಿ. ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡುವಾಗ ತಿಂಗಳನ್ನ 26 ದಿನ ಅಂತ ಹಿಡೀಬೇಕು ಅಂತ ಅಲ್ಲಿ ಬರೆದಿದೆ. ಮಧ್ಯದಲ್ಲಿ ಸೇರಿದವರ ಸಂಬಳಕ್ಕೂ ಅದೇ ಅಂತ ಅಲ್ಲಿಲ್ಲ. ಇನ್ನೊಂದು, 26 ಅಂದರೆ ಭಾನುವಾರ ಬಿಟ್ಟ ತಿಂಗಳು. ಭಾಗಿಸೋ ಅಂಕಿಯಲ್ಲಿ ಭಾನುವಾರ ಬಿಟ್ಟರೆ ಗುಣಿಸೋ ದಿನಗಳಲ್ಲೂ ಬಿಡಬೇಕು. 16ರಿಂದ 28ರ ತನಕ 13 ದಿನ, 22ನೇ ತಾರೀಕು ಭಾನುವಾರ, ಉಳಿದದ್ದು 12. ಆಗ 19,385 ಆಗುತ್ತೆ, 21,000 ಅಲ್ಲ.

ಶ್ವೇತಾ ಅವರೇ, ನಿಮ್ಮ 19,500 ಬಂದಿರೋದು ಫೆಬ್ರವರಿಯ 28 ದಿನ ಹಿಡಿದು: ದಿನಕ್ಕೆ 1,500, 13 ದಿನ. ಕಂಪನಿಯವರು ಯಾವ ತಿಂಗಳಾದರೂ 30 ದಿನ ಅಂತ ಹಿಡಿದಿದ್ದಾರೆ: ದಿನಕ್ಕೆ 1,400, 13 ದಿನ, 18,200. ಗೆಳತಿಯ 21,000 ಎರಡು ದಾರಿಯಲ್ಲಿ ಬರಬಹುದು. ಅವರದು ವಾರಕ್ಕೆ ಐದು ದಿನದ ಆಫೀಸಾದರೆ ಈ ಫೆಬ್ರವರಿಯಲ್ಲಿ ಕೆಲಸದ ದಿನ 20, ಅವರು ಮಾಡಿದ್ದು 10, ಸರಿಯಾಗಿ ಅರ್ಧ. ಇಲ್ಲವಾದರೆ ಅವರೂ 30 ದಿನವೇ ಹಿಡಿದು, ಸೇರುವ ಮೊದಲಿನ 15 ದಿನ ಕಳೆದು, ಉಳಿದ 15 ದಿನಕ್ಕೆ ಕೊಟ್ಟಿರಬಹುದು.

30ರ ಪದ್ಧತಿಯ ತೊಡಕೇ ಇದು. ಇದ್ದ ದಿನ ಎಣಿಸಿದರೆ ಒಂದು ಉತ್ತರ, ಇಲ್ಲದ ದಿನ ಕಳೆದರೆ ಇನ್ನೊಂದು. 31 ದಿನದ ತಿಂಗಳಲ್ಲಿ ಉಲ್ಟಾ ಹೊಡೆಯುತ್ತೆ: ಮಾರ್ಚ್ 2ಕ್ಕೆ ಸೇರಿದವರ ದಿನ ಎಣಿಸಿದರೆ 30, ಪೂರ್ತಿ ಸಂಬಳ. ಮಾರ್ಚ್ 31ಕ್ಕೆ ಸೇರಿದವರಿಗೆ ಹಿಂದಿನ 30 ದಿನ ಕಳೆದರೆ ಸೊನ್ನೆ, ಒಂದು ದಿನ ದುಡಿದೂ! ಅದಕ್ಕೇ ಆ ತಿಂಗಳಿನಲ್ಲಿ ನಿಜವಾಗಿ ಇರೋ ದಿನಗಳಿಂದ ಭಾಗಿಸೋದು ಜಗಳ ಕಮ್ಮಿ ಇರೋ ದಾರಿ ಅನ್ನೋದು ನನ್ನ ಅಭಿಪ್ರಾಯ. ಆದರೆ ಅದೊಂದೇ ಸರಿ, ಬೇರೆಯದೆಲ್ಲ ತಪ್ಪು ಅಂತ ಹೇಳೋಕಾಗಲ್ಲ.

ಬಸವರಾಜ: ನಂದೂ ಇದೇ ಕಥೆ. 60 ದಿನದ ನೋಟಿಸ್, 42 ದಿನ ಮಾಡಿ ಬಿಟ್ಟೆ. ಬಾಕಿ 18 ದಿನಕ್ಕೆ ಗ್ರಾಸನ್ನ 26ರಿಂದ ಭಾಗಿಸಿ ಹಿಡ್ಕೊಂಡಿದ್ದಾರೆ. ಮೇಡಂ, ನೀವೂ 26 ಅಂತ ಒಪ್ಪಬೇಡಿ.

ಸವಿತಾ: ಬಸವರಾಜ್ ಸರ್, ನಿಮ್ಮದು ನೋಟಿಸ್ ರಿಕವರಿ, ಶ್ವೇತಾ ಅವರ ಪ್ರಶ್ನೆ ಬೇರೆ. ಆದರೂ ತಪ್ಪಿನ ಮೂಲ ಒಂದೇ. ನೋಟಿಸ್‌ನ 18 ದಿನದಲ್ಲಿ ಭಾನುವಾರಗಳೂ ಸೇರಿವೆ, 26ರಲ್ಲಿ ಸೇರಿಲ್ಲ. 42,000 ಸಂಬಳ ಅಂತಿಟ್ಟುಕೊಂಡರೆ 26ರ ಲೆಕ್ಕದಲ್ಲಿ 29,077 ಹೋಗುತ್ತೆ, 30ರ ಲೆಕ್ಕದಲ್ಲಿ 25,200. ಕೊನೇ ತಿಂಗಳ ಸಂಬಳ ಕೊಡುವಾಗ ಯಾವುದರಿಂದ ಭಾಗಿಸಿದ್ದಾರೆ ನೋಡಿ. ಕೊಡೋಕೆ 31, ಹಿಡಿಯೋಕೆ 26 ಅಂತಿದ್ದರೆ ಅದನ್ನೇ ಬರೆದು ಕೇಳಿ. ರಿಕವರಿ ಬೇಸಿಕ್ ಮೇಲೋ ಗ್ರಾಸ್ ಮೇಲೋ ಅನ್ನೋದನ್ನ ನೇಮಕಾತಿ ಪತ್ರದಲ್ಲೇ ನೋಡಬೇಕು.

ಗಿರೀಶ: ಎಕ್ಸೆಲ್‌ನಲ್ಲಿ ಕೆಲಸದ ದಿನ ಎಣಿಸೋದು ಸುಲಭ. ಕೊನೇ 11 ಅಂದರೆ ಭಾನುವಾರ ಮಾತ್ರ ರಜೆ, ಅದರ ಜಾಗದಲ್ಲಿ 1 ಹಾಕಿದರೆ ಶನಿವಾರ, ಭಾನುವಾರ ಎರಡೂ ರಜೆ.

```
=NETWORKDAYS.INTL(DATE(2026,2,16),DATE(2026,2,28),11)
```

ಇದು 12 ಕೊಡುತ್ತೆ, 1 ಹಾಕಿದರೆ 10. 28ರಿಂದ ಭಾಗಿಸಿ ಈ 10ರಿಂದ ಗುಣಿಸೋರಿದ್ದಾರೆ, ಆಗ ಸಂಬಳ 15,000ಕ್ಕೆ ಇಳಿಯುತ್ತೆ. ಅಷ್ಟು ಕಮ್ಮಿ ಬಂದಿದ್ದರೆ ಅಲ್ಲೇ ಹುಡುಕಿ.

ಇಮ್ರಾನ್: ಪೇಸ್ಲಿಪ್‌ನಲ್ಲಿ ವೃತ್ತಿ ತೆರಿಗೆ ಹಿಡಿದಿದ್ದಾರಾ ನೋಡಿ.

ಶ್ವೇತಾ: ಹೌದು ಸರ್, 300 ಹಿಡಿದಿದ್ದಾರೆ.

ಇಮ್ರಾನ್: ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಜಾಸ್ತಿ ಇದ್ದರೆ ಮಾತ್ರ ವೃತ್ತಿ ತೆರಿಗೆ. ತಿಂಗಳಿಗೆ 200, ಫೆಬ್ರವರಿಯಲ್ಲಿ 300. ನಿಮಗೆ ಆ ತಿಂಗಳು ಕೊಟ್ಟಿದ್ದು 18,200. ಪೇರೋಲ್ ಸಾಫ್ಟ್‌ವೇರ್ 42,000 ನೋಡಿ ಹಿಡಿದಿರುತ್ತೆ. ಇದನ್ನೂ ಕೇಳಿ, ಸಣ್ಣ ಮೊತ್ತ ಅಂತ ಬಿಡಬೇಡಿ.

ಮಂಜುನಾಥ: 26 ಗ್ರಾಚ್ಯುಟಿಗೆ, ಸರಿ, ಒಪ್ಪಿದೆ. ಆದರೆ ಕಂಪನಿ 30 ಅಂತ ಇಟ್ಟುಕೊಂಡರೆ ತಡೆಯೋ ಕಾನೂನೇ ಇಲ್ಲವಾ?

ಸವಿತಾ: ಗೈರುಹಾಜರಿಗೆ ಸಂಬಳ ಹಿಡಿಯೋ ವಿಷಯದಲ್ಲಿ ಒಂದು ಮಿತಿ ಇದೆ. ಹಳೇ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಈಗಿನ ವೇತನ ಸಂಹಿತೆಯಲ್ಲೂ ಇದೆ: ಕೆಲಸ ಮಾಡಬೇಕಿದ್ದ ಅವಧಿಯಲ್ಲಿ ಎಷ್ಟು ಪಾಲು ಬಂದಿಲ್ಲವೋ, ಅದಕ್ಕಿಂತ ದೊಡ್ಡ ಪಾಲು ಕತ್ತರಿಸುವಂತಿಲ್ಲ. ಇಲ್ಲಿ ನೋಡಿ: ಇಲ್ಲದ ದಿನ 28ರಲ್ಲಿ 15, ಕತ್ತರಿಸಿದ್ದು 30ರಲ್ಲಿ 17ರಷ್ಟು. ಕತ್ತರಿಸಿದ್ದೇ ಜಾಸ್ತಿ.

ಇಮ್ರಾನ್: ಅದು ಕೆಲಸದಲ್ಲಿದ್ದು ಬಾರದವರಿಗೆ ಅಲ್ವಾ ಮೇಡಂ? ಫೆಬ್ರವರಿ 15ರ ತನಕ ಅವರು ನೌಕರರೇ ಆಗಿರಲಿಲ್ಲ. ಸೇರದವರನ್ನ ಗೈರುಹಾಜರು ಅನ್ನೋಕಾಗುತ್ತಾ?

ಸವಿತಾ: ಆ ವಾದ ಎಚ್‌ಆರ್ ಕಡೆಯಿಂದ ಬಂದೇ ಬರುತ್ತೆ. ಅದಕ್ಕೇ ಕಾನೂನಿನಿಂದ ಶುರು ಮಾಡಬೇಡಿ, ಪಾಲಿಸಿಯಿಂದ ಶುರು ಮಾಡಿ.

ಶ್ವೇತಾ: ಪಾಲಿಸಿ ತೆಗೆದು ನೋಡಿದೆ. ‘ದಿನದ ಸಂಬಳ ಅಂದರೆ ತಿಂಗಳ ಸಂಬಳದ ಮೂವತ್ತನೇ ಒಂದು ಭಾಗ’ ಅಂತ ಮಾತ್ರ ಇದೆ. ದಿನ ಎಣಿಸಬೇಕೋ ಕಳೆಯಬೇಕೋ ಅಂತ ಇಲ್ಲ.

ಸವಿತಾ: ಹಾಗಿದ್ದರೆ ಇಮೇಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ‘ಇದೇ ಸಂಬಳದವರು ಫೆಬ್ರವರಿ 15ಕ್ಕೆ ಕೆಲಸ ಬಿಟ್ಟಿದ್ದರೆ ಅವರಿಗೆ ಎಷ್ಟು ಕೊಡುತ್ತಿದ್ದಿರಿ?’ 15 ದಿನಕ್ಕೆ 21,000 ಅಂದರೆ, ಅವರದ್ದೂ ನಿಮ್ಮದೂ ಸೇರಿ 39,200. ಒಬ್ಬರು ಬಿಟ್ಟ ಮರುದಿನವೇ ಇನ್ನೊಬ್ಬರು ಬಂದು ಕೂತರೂ ಒಂದು ಕುರ್ಚಿಯ ತಿಂಗಳ ಸಂಬಳದಲ್ಲಿ 2,800 ಕಮ್ಮಿ. ನೀವು ಸೇರುವ ಮುಂಚಿನ ದಿನ ಕಳೆಯೋ ಪದ್ಧತಿ ಅನ್ವಯಿಸಿ ಅಂತ ಕೇಳಬಹುದು, ಅದೂ ಅವರ ಪಾಲಿಸಿಗೆ ವಿರುದ್ಧ ಅಲ್ಲ. ಕೊಡ್ತಾರೋ ಇಲ್ಲವೋ, ಅವರು ಉಳಿದವರಿಗೆ ಹೇಗೆ ಮಾಡಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ.

ಗಿರೀಶ: ಬಿಡೋರಿಗೂ ಒಂದು ಮಾತು. ಕೊನೇ ಕೆಲಸದ ದಿನ ಶುಕ್ರವಾರ ಅಂತ ಬರೆಸಿದರೆ ಶನಿವಾರ, ಭಾನುವಾರದ ಸಂಬಳ ಹೋಗುತ್ತೆ. ಈ ಫೆಬ್ರವರಿಯಲ್ಲಿ 13ಕ್ಕೆ ಬದಲು 15 ಅಂತ ಬರೆಸಿದ್ದರೆ, 28 ದಿನ ಹಿಡಿಯೋ ಕಂಪನಿಯಲ್ಲಿ 3,000 ವ್ಯತ್ಯಾಸ. ಕೆಲಸದ ದಿನ ಎಣಿಸೋ ಕಡೆ ಏನೂ ವ್ಯತ್ಯಾಸ ಇಲ್ಲ. ರಾಜೀನಾಮೆ ಪತ್ರದಲ್ಲಿ ತಾರೀಕು ಹಾಕುವ ಮುಂಚೆ ಹಳೇ ಪೇಸ್ಲಿಪ್ ತೆಗೆದು, ಕಂಪನಿ ಎಷ್ಟು ದಿನ ಹಿಡಿಯುತ್ತೆ ನೋಡಿಕೊಳ್ಳಿ.