ಅಂಡಮಾನ್: ಪ್ಯಾಕೇಜಿಗೆ 1,46,000, ನಮ್ಮ ಲೆಕ್ಕಕ್ಕೆ 1,01,000. ಯಾವುದು ನಿಜ?

ಪ್ರಶ್ನೆ (ಶಿಕ್ಷಕಿ, ತುಮಕೂರು): ಸಂಕ್ರಾಂತಿ ಆದ ಮೇಲೆ 5 ರಾತ್ರಿ ಅಂಡಮಾನ್‌ಗೆ ಹೋಗೋಣ ಅಂತಿದ್ದೀವಿ. ನಾವಿಬ್ಬರು, 13 ವರ್ಷದ ಮಗಳು, 6 ವರ್ಷದ ಮಗ. ಇಲ್ಲಿನ ಏಜೆಂಟ್ ವಿಮಾನ ಸೇರಿ ತಲೆಗೆ 36,500 ಹೇಳಿದ್ದಾರೆ, ನಾಲ್ವರಿಗೆ 1,46,000. ನಾವೇ ಕೂಡಿಸಿದರೆ ವಿಮಾನ 56,000, ರೂಮು 19,000, ಹಡಗು 18,000, ಕಾರು 8,000, ಒಟ್ಟು 1,01,000 ಬರುತ್ತೆ. 45,000 ವ್ಯತ್ಯಾಸ ಅಂದ್ರೆ ಎಲ್ಲಿಗೆ ಹೋಗುತ್ತೆ ದುಡ್ಡು? ನಾವೇ ಬುಕ್ ಮಾಡೋದು ವಾಸಿನಾ?

ಕೋಲಾರದ ಸದಸ್ಯರು: ಯೋಚನೆ ಮಾಡಬೇಡಿ ಮೇಡಂ, ನೀವೇ ಮಾಡಿ. ಮಧ್ಯದವರ ಲಾಭಾನೇ ಆ 45,000. ವಿಮಾನದ ಟಿಕೆಟ್ ಹುಡುಕುವಾಗ ಮಾತ್ರ ಮೊಬೈಲ್‌ನಲ್ಲಿ ಇನ್‌ಕಾಗ್ನಿಟೊ ತೆರೆದು ನೋಡಿ, ಇಲ್ಲಾಂದ್ರೆ ಪ್ರತಿ ಸಲ ನೋಡಿದಾಗಲೂ ರೇಟು ಏರಿಸ್ತಾರೆ.

ಪ್ರವಾಸ ಬುಕಿಂಗ್ ಮಾಡುವವರು, ತುಮಕೂರು: ಮೇಡಂ, ಕೊಟೇಶನ್‌ನ ಎರಡನೇ ಪುಟ ಒಮ್ಮೆ ನೋಡಿ. ಮಕ್ಕಳಿಗೆ ಬೇರೆ ರೇಟು ಬರೆದಿರ್ತಾರೆ. ಏನೇನು ಸೇರಿದೆ, ಜಿಎಸ್‌ಟಿ ಒಳಗೋ ಹೊರಗೋ, ಅದನ್ನೂ ಹೇಳಿ. ತಲೆಗೆ ಇಷ್ಟು ಅನ್ನೋ ರೇಟು ಒಂದು ರೂಮಿನಲ್ಲಿ ಇಬ್ಬರು ದೊಡ್ಡವರು ಇರೋ ಲೆಕ್ಕದ್ದು. ಅದನ್ನು ನಾಲ್ಕರಿಂದ ಗುಣಿಸಿದರೆ ತಪ್ಪು ಮೊತ್ತ ಬರುತ್ತೆ.

ಶಿಕ್ಷಕಿ: ಹೌದು ಸರ್, ಬರೆದಿದ್ದಾರೆ. ಎಕ್ಸ್‌ಟ್ರಾ ಬೆಡ್ ಜೊತೆ ಮಗಳಿಗೆ 32,000, ಬೆಡ್ ಇಲ್ಲದೆ ಮಗನಿಗೆ 26,000. ಜಿಎಸ್‌ಟಿ 5% ಬೇರೆ. ಬೆಳಗಿನ ತಿಂಡಿ, ಮೂರು ಹಡಗು ಪ್ರಯಾಣ, ಎಲ್ಲಾ ಕಡೆ ಕಾರು, ಪ್ರವೇಶ ಟಿಕೆಟ್ ಸೇರಿದೆ. ಪೋರ್ಟ್ ಬ್ಲೇರ್ 1 ರಾತ್ರಿ, ಹ್ಯಾವ್‌ಲಾಕ್ 2, ನೀಲ್ 1, ಮತ್ತೆ ಪೋರ್ಟ್ ಬ್ಲೇರ್ 1.

ಪ್ರವಾಸ ಬುಕಿಂಗ್ ಮಾಡುವವರು: ಹಾಗಾದರೆ ಮೊದಲು ಪ್ಯಾಕೇಜಿನ ಮೊತ್ತ ಸರಿ ಮಾಡೋಣ. ದೊಡ್ಡವರಿಬ್ಬರಿಗೆ 73,000, ಮಗಳಿಗೆ 32,000, ಮಗನಿಗೆ 26,000, ಸೇರಿ 1,31,000. ಅದರ ಮೇಲೆ 5% ಅಂದರೆ 6,550. ನಿಮ್ಮ ಕೈಯಿಂದ ಹೋಗೋದು 1,37,550.

ಇನ್ನು ನಿಮ್ಮ ಲೆಕ್ಕ. ಅದರಲ್ಲಿ ತಪ್ಪಿಲ್ಲ, ಆದರೆ ಪೂರ್ತಿ ಆಗಿಲ್ಲ. ರೂಮಿನ 19,000 ಅಂದರೆ ರಾತ್ರಿಗೆ 3,800, ಅದು ಆ್ಯಪ್‌ನಲ್ಲಿ ಇಬ್ಬರಿಗೆ ತೋರಿಸಿದ ರೇಟು. ಹುಡುಕುವಾಗ ಮಕ್ಕಳ ವಯಸ್ಸು ಹಾಕಿ ಮತ್ತೆ ನೋಡಿ, 13ರ ಹುಡುಗಿಗೆ ಹೋಟೆಲ್‌ನವರು ಎಕ್ಸ್‌ಟ್ರಾ ಬೆಡ್ ಕೇಳ್ತಾರೆ. ರಾತ್ರಿಗೆ 1,200 ಹಿಡಿದರೂ 6,000. ಹಲವು ಹೋಟೆಲ್‌ಗಳಲ್ಲಿ ಉಚಿತ ವಯಸ್ಸು 5ಕ್ಕೇ ಮುಗಿಯುತ್ತೆ, ಹಾಗಾಗಿ ಮಗನ ವಿಷಯವನ್ನೂ ಫೋನ್ ಮಾಡಿ ಕೇಳಿಕೊಳ್ಳಿ. ಆ ರೇಟಿನಲ್ಲಿ ತಿಂಡಿ ಇಲ್ಲದಿದ್ದರೆ ಒಬ್ಬರಿಗೆ 250ರಂತೆ ಐದು ಬೆಳಿಗ್ಗೆಗೆ 5,000. ದಿನಕ್ಕೆ 7,500ರವರೆಗಿನ ರೂಮಿಗೆ ಈಗ ಜಿಎಸ್‌ಟಿ 5%. ಹುಡುಕಿದಾಗ ಮೊದಲು ಕಾಣೋ ರೇಟಿನಲ್ಲಿ ಅದು ಸಾಮಾನ್ಯವಾಗಿ ಸೇರಿರಲ್ಲ, ದುಡ್ಡು ಕಟ್ಟೋ ಪುಟದಲ್ಲಿ ಬರುತ್ತೆ. ರೂಮು, ಬೆಡ್ ಸೇರಿ 25,000ಕ್ಕೆ 1,250 ಆಯ್ತು.

ವಿಮಾನಕ್ಕೆ ಕನ್ವೀನಿಯನ್ಸ್ ಫೀ ಒಬ್ಬೊಬ್ಬರಿಗೆ, ಹೋಗೋದಕ್ಕೂ ಬರೋದಕ್ಕೂ ಬೇರೆ ಬೇರೆ ಬೀಳುತ್ತೆ. 400 ಅಂದುಕೊಂಡರೆ ಎಂಟು ಸಲ, 3,200. ಕಾರಿಗೆ ನೀವು ಹಿಡಿದ 8,000 ಪೋರ್ಟ್ ಬ್ಲೇರ್‌ನ ಓಡಾಟಕ್ಕೆ ಸರಿಹೋಗುತ್ತೆ. ಹ್ಯಾವ್‌ಲಾಕ್, ನೀಲ್‌ನಲ್ಲಿ ಜೆಟ್ಟಿಯಿಂದ ಹೋಟೆಲ್‌ಗೆ, ಹ್ಯಾವ್‌ಲಾಕ್‌ನಲ್ಲೇ ಇರೋ ರಾಧಾನಗರ್ ಬೀಚಿಗೆ ಬೇರೆ ಗಾಡಿ ಬೇಕು. ಬೆಂಗಳೂರಿನ ಹಾಗೆ ಮೊಬೈಲ್ ಒತ್ತಿದರೆ ಬರುತ್ತೆ ಅಂತ ನಂಬೋ ಹಾಗಿಲ್ಲ. ಅದಕ್ಕೆ 7,500, ಪ್ರವೇಶ ಟಿಕೆಟ್‌ಗಳಿಗೆ 2,000 ಇಡಿ.

ಈ ಆರನ್ನೂ ನಿಮ್ಮ 1,01,000ಕ್ಕೆ ಸೇರಿಸಿದರೆ 1,25,950. ವ್ಯತ್ಯಾಸ 45,000 ಅಲ್ಲ, 11,600. ಊಟ, ಸ್ಕೂಬಾ, ತುಮಕೂರಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಕಾರು, ಇವು ಎರಡೂ ಕಡೆ ಹೊರಗೇ ಇವೆ. ಹಾಗಾಗಿ ಹೋಲಿಕೆಗೆ ಅವು ಬೇಡ, ಬಜೆಟ್‌ಗೆ ಮಾತ್ರ ಬರೆದುಕೊಳ್ಳಿ. ನಾನು ಹಾಕಿದ ಸಣ್ಣ ಮೊತ್ತಗಳೆಲ್ಲ ಅಂದಾಜು. ಅವುಗಳ ಜಾಗದಲ್ಲಿ ನಿಮ್ಮ ಹೋಟೆಲ್, ನಿಮ್ಮ ತಾರೀಕಿನ ರೇಟು ಹಾಕಿ ನೋಡಿ.

ಕೋಲಾರದ ಸದಸ್ಯರು: ಸರಿ, 45,000 ಅಂದಿದ್ದು ನನ್ನ ಅವಸರ. ಆದರೂ 11,600 ಉಳಿಯುತ್ತಲ್ಲ ಸರ್. ಇನ್‌ಕಾಗ್ನಿಟೊ ವಿಷಯ ಸುಳ್ಳಾ?

ಪ್ರವಾಸ ಬುಕಿಂಗ್ ಮಾಡುವವರು: ನೀವು ಎಷ್ಟು ಸಲ ನೋಡಿದ್ರಿ ಅನ್ನೋದಕ್ಕೂ ದರಕ್ಕೂ ಸಂಬಂಧ ಇಲ್ಲ. ಒಂದೇ ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪು ಮಾಡಿಟ್ಟಿರ್ತಾರೆ. ಕಡಿಮೆ ದರದಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಕೇಳಿದರೆ, ನಾಲ್ಕೂ ಒಟ್ಟಿಗೆ ಸಿಗೋ ಮೇಲಿನ ಗುಂಪಿನ ದರವನ್ನು ನಾಲ್ಕಕ್ಕೂ ಹಾಕುತ್ತೆ. ಅದಕ್ಕೇ ಒಮ್ಮೆ ನಾಲ್ವರಿಗೆ, ಒಮ್ಮೆ ಇಬ್ಬರಿಗೆ ಅಂತ ಹುಡುಕಿ ನೋಡಿ. ಇಬ್ಬರ ದರ ಕಡಿಮೆ ಕಂಡರೆ ಎರಡು ಪಿಎನ್‌ಆರ್ ಮಾಡಬಹುದು, ಪ್ರತಿಯೊಂದರಲ್ಲೂ ಒಬ್ಬ ದೊಡ್ಡವರು, ಒಂದು ಮಗು ಇರಲಿ. ವಿಮಾನ ರದ್ದಾಗಿ ಬೇರೆಯದಕ್ಕೆ ಹಾಕುವಾಗ ಎರಡು ಪಿಎನ್‌ಆರ್‌ನವರು ಬೇರೆ ಬೇರೆ ಆಗೋ ಸಾಧ್ಯತೆ ಇರುತ್ತೆ ಅನ್ನೋದು ಗೊತ್ತಿರಲಿ. ನೂರಿನ್ನೂರು ರೂಪಾಯಿಗೆ ಆ ಕೆಲಸ ಮಾಡಬೇಡಿ.

ಆ 11,600ರಲ್ಲಿ ಒಂದಷ್ಟು ತೆರಿಗೆಯೇ ಇದೆ, ಏಜೆಂಟರ ಲಾಭ ಅಲ್ಲ. ಎಕಾನಮಿ ಟಿಕೆಟ್ ಒಳಗೇ 5% ಜಿಎಸ್‌ಟಿ ಇರುತ್ತೆ. ಅದೇ ಟಿಕೆಟ್ ಪ್ಯಾಕೇಜ್ ಬಿಲ್ ಒಳಗೆ ಹೋದರೆ ಒಟ್ಟು ಮೊತ್ತದ ಮೇಲೆ ಇನ್ನೊಮ್ಮೆ 5% ಬೀಳುತ್ತೆ. 56,000ಕ್ಕೆ 2,800 ಆಯ್ತು. ಏಜೆಂಟರನ್ನು "ವಿಮಾನ ಬಿಟ್ಟು ಎಷ್ಟು?" ಅಂತ ಕೇಳಿ. ವಿಮಾನ ನೀವು ತೆಗೆದುಕೊಂಡು ರೂಮು, ಹಡಗು, ಕಾರು ಅವರಿಗೆ ಬಿಟ್ಟರೆ ವ್ಯತ್ಯಾಸ ಹೆಚ್ಚುಕಮ್ಮಿ 8,800ಕ್ಕೆ ಇಳಿಯುತ್ತೆ. ಅಂಡಮಾನ್‌ಗೆ ನಾನು ಹೇಳೋ ದಾರಿ ಇದೇ.

ಚಿಕ್ಕಬಳ್ಳಾಪುರದ ಸದಸ್ಯರು: ನಾವು ಥಾಯ್ಲೆಂಡ್ ಪ್ಯಾಕೇಜ್ ಕೇಳಿದಾಗ ಜಿಎಸ್‌ಟಿ ಜೊತೆ ಟಿಸಿಎಸ್ ಅಂತ ಇನ್ನೊಂದು ಸೇರಿಸಿದ್ರು. ಇವರ ಕೊಟೇಶನ್‌ನಲ್ಲಿ ಅದು ಕಾಣ್ತಾ ಇಲ್ಲ. ಮರೆತಿದ್ದಾರಾ?

ಪ್ರವಾಸ ಬುಕಿಂಗ್ ಮಾಡುವವರು: ಮರೆತಿಲ್ಲ ಸರ್. ಟಿಸಿಎಸ್ ವಿದೇಶ ಪ್ಯಾಕೇಜಿಗೆ ಮಾತ್ರ. ಅಂಡಮಾನ್ ನಮ್ಮ ದೇಶದೊಳಗೇ ಇದೆ. ನಿಮ್ಮ ಟಿಸಿಎಸ್ ನಿಮ್ಮ ಪಾನ್ ಮೇಲೆ ಜಮಾ ಆಗುತ್ತೆ, ರಿಟರ್ನ್ ಹಾಕುವಾಗ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಹೆಚ್ಚಾದರೆ ವಾಪಸ್ ಬರುತ್ತೆ. ಅದಕ್ಕೆ ಹೋಲಿಕೆ ಮಾಡುವಾಗ ಅದನ್ನು ಖರ್ಚಿನ ಸಾಲಿಗೆ ಸೇರಿಸಬೇಡಿ. ಕೈಯಲ್ಲಿ ಅಷ್ಟು ದುಡ್ಡು ಮೊದಲೇ ಇರಬೇಕು, ಅಷ್ಟೇ.

ಶಿಕ್ಷಕಿ: ಸರ್, ಆ 8,800 ಕೊಟ್ಟರೆ ನಮಗೆ ಸಿಗೋದೇನು? ಹಡಗಿನ ಟಿಕೆಟ್ ಆನ್‌ಲೈನ್‌ನಲ್ಲೇ ಸಿಗುತ್ತಲ್ಲ.

ಪ್ರವಾಸ ಬುಕಿಂಗ್ ಮಾಡುವವರು: ಖಾಸಗಿ ಹಡಗಿನದು ಸಿಗುತ್ತೆ. ತೊಂದರೆ ಬರೋದು ಒಂದಕ್ಕೊಂದು ಹೊಂದಿಸೋದರಲ್ಲಿ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್ ಅಂತ ನೀವು ಮೂರು ಸಲ ಸಮುದ್ರ ದಾಟ್ತೀರಿ. ಗಾಳಿ ಎದ್ದರೆ ಹಡಗು ನಿಲ್ಲಿಸ್ತಾರೆ. ಎರಡನೇ ಹಡಗು ನಿಂತಿತು ಅಂದುಕೊಳ್ಳಿ. ಹಡಗಿನವರು ತಮ್ಮ ಟಿಕೆಟ್ ದುಡ್ಡು ವಾಪಸ್ ಕೊಡ್ತಾರೆ, ಅಲ್ಲಿಗೆ ಅವರ ಜವಾಬ್ದಾರಿ ಮುಗೀತು. ನೀಲ್‌ನ ಹೋಟೆಲ್ ನೀವು ಬರಲಿಲ್ಲ ಅಂತ ಆ ರಾತ್ರಿಯ ದುಡ್ಡು ಇಟ್ಟುಕೊಳ್ಳುತ್ತೆ. ಹ್ಯಾವ್‌ಲಾಕ್‌ನಲ್ಲಿ ಅದೇ ರಾತ್ರಿಗೆ ಹೊಸ ರೂಮು ಹುಡುಕಬೇಕು. ಮಾರನೇ ದಿನ ನೀಲ್‌ನಿಂದ ತೆಗೆದಿದ್ದ ಟಿಕೆಟ್ ಉಪಯೋಗಕ್ಕೆ ಬರಲ್ಲ, ಹ್ಯಾವ್‌ಲಾಕ್‌ನಿಂದ ನೇರ ಪೋರ್ಟ್ ಬ್ಲೇರ್‌ಗೆ ಬೇರೆ ಬೇಕು. ಅದೇ ದಿನ ಎಲ್ಲರೂ ಅದೇ ಟಿಕೆಟ್ ಹುಡುಕ್ತಾ ಇರ್ತಾರೆ. ದಿನಾ ಅಲ್ಲಿ ವ್ಯವಹಾರ ಇರೋ ಏಜೆಂಟರ ಸ್ಥಳೀಯ ಕಚೇರಿ ಆಗ ಉಪಯೋಗಕ್ಕೆ ಬರುತ್ತೆ.

ಆದರೆ ಪ್ಯಾಕೇಜ್ ತೆಗೆದುಕೊಂಡ ಮಾತ್ರಕ್ಕೆ ಈ ಖರ್ಚು ಅವರದ್ದಾಗಲ್ಲ. ಷರತ್ತುಗಳ ಕೊನೆಯಲ್ಲಿ "ಹವಾಮಾನದಿಂದ ಆಗುವ ಹೆಚ್ಚುವರಿ ವೆಚ್ಚ ಪ್ರವಾಸಿಗರದ್ದು" ಅಂತ ಒಂದು ಸಾಲು ಇರುತ್ತೆ, ಹುಡುಕಿ. ಅದರ ಬಗ್ಗೆ ಎರಡೇ ಪ್ರಶ್ನೆ ವಾಟ್ಸಾಪ್‌ನಲ್ಲಿ ಬರೆದು ಕೇಳಿ: ಹಡಗು ನಿಂತರೆ ಬದಲಿ ರೂಮು ಯಾರು ಹುಡುಕ್ತಾರೆ, ಅದರ ದುಡ್ಡು ಯಾರು ಕೊಡ್ತಾರೆ? ಉತ್ತರ ಬರವಣಿಗೆಯಲ್ಲೇ ಇರಲಿ. ಹುಡುಕಿ ಕೊಡ್ತೀವಿ, ದುಡ್ಡು ನಿಮ್ಮದು ಅಂದರೂ ಅದು ನ್ಯಾಯವಾದ ಉತ್ತರ. ಎರಡಕ್ಕೂ ಉತ್ತರ ಬರದಿದ್ದರೆ ಆ 8,800ಕ್ಕೆ ಅರ್ಥ ಇಲ್ಲ.

ನೀವೇ ಮಾಡೋದಾದರೂ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ, ಈಗಿರೋ ಕ್ರಮ ಸರಿಯಾಗಿದೆ. ಬೆಳಿಗ್ಗೆ ನೀಲ್‌ನಿಂದ ಹಡಗು, ಮಧ್ಯಾಹ್ನ ವಿಮಾನ ಅಂತ ಒಂದು ರೂಮಿನ ದುಡ್ಡು ಉಳಿಸೋಕೆ ಹೋಗಬೇಡಿ. ಹಡಗು ನಿಂತರೆ ನಾಲ್ಕು ವಿಮಾನ ಟಿಕೆಟ್ ಹೋಗುತ್ತೆ. ಆಗ ವಿಮಾನ ಹತ್ತದಿದ್ದರೂ ಏರ್‌ಪೋರ್ಟ್ ಶುಲ್ಕ, ತೆರಿಗೆ ವಾಪಸ್ ಕೇಳೋ ಹಕ್ಕಿದೆ, ಅಗ್ಗದ "ರಿಫಂಡ್ ಇಲ್ಲ" ಟಿಕೆಟ್ಟಿಗೂ ಇದೆ, ಆದರೆ ಅದು ಸಣ್ಣ ಮೊತ್ತ. ಹುಡುಕುವಾಗ ಹೆಸರುಗಳ ಗೊಂದಲವೂ ಆಗುತ್ತೆ: ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ, ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಕೆಲವು ಕಡೆ ಹಳೆಯದು, ಕೆಲವು ಕಡೆ ಹೊಸದು ಇರುತ್ತೆ.

ಕೋಲಾರದ ಸದಸ್ಯರು: ಜನವರಿಯಲ್ಲಿ ಮಳೆಗಾಲ ಇರಲ್ಲ. ಹಡಗು ನಿಲ್ಲೋದು ಅಪರೂಪ. ಆಗದ ವಿಷಯಕ್ಕೆ 8,800 ಕೊಡೋದು ನನಗೆ ಇನ್ನೂ ಒಪ್ಪಿಗೆ ಇಲ್ಲ.

ಪ್ರವಾಸ ಬುಕಿಂಗ್ ಮಾಡುವವರು: ಜನವರಿ ಬಗ್ಗೆ ನೀವು ಹೇಳಿದ್ದು ಸರಿ, ಅದು ಒಳ್ಳೆ ತಿಂಗಳು. ಇಬ್ಬರೇ ಹೋಗೋರಾಗಿದ್ದರೆ ನಾನೂ ನೀವೇ ಮಾಡಿ ಅಂತಿದ್ದೆ. 6 ವರ್ಷದ ಮಗು ಜೊತೆ ಇದ್ದಾಗ ಜೆಟ್ಟಿಯಲ್ಲಿ ನಿಂತು ಫೋನ್ ಹಿಡಿದು ರೂಮು ಹುಡುಕೋದು ಬೇರೆ ಮಾತು. ಅದಕ್ಕೆ ಎಷ್ಟು ಕೊಡಬಹುದು ಅನ್ನೋದು ಅವರ ಮನೆಯ ತೀರ್ಮಾನ.

ಶಿಕ್ಷಕಿ: ಈಗ ಅರ್ಥ ಆಯ್ತು ಸರ್. ವಿಮಾನ ಬಿಟ್ಟು ಹೊಸ ಕೊಟೇಶನ್ ಕೇಳಿದ್ದೀನಿ. ಅದರಲ್ಲಿ ಹೋಟೆಲ್ ಹೆಸರಿನ ಮುಂದೆ "ಅಥವಾ ಅದೇ ದರ್ಜೆಯ ಬೇರೆ" ಅಂತ ಬರೆದಿದ್ದಾರೆ. ಒಪ್ಪಬಹುದಾ?

ಪ್ರವಾಸ ಬುಕಿಂಗ್ ಮಾಡುವವರು: ಕೊಟೇಶನ್‌ನಲ್ಲಿ ಇರಲಿ ಪರವಾಗಿಲ್ಲ, ಅಡ್ವಾನ್ಸ್ ಕೊಡೋ ಹೊತ್ತಿಗೆ ಇರಬಾರದು. ಹೋಟೆಲ್ ಹೆಸರು, ರೂಮಿನ ದರ್ಜೆ, ಎಕ್ಸ್‌ಟ್ರಾ ಬೆಡ್, ಮೂರೂ ಹೆಸರಿಸಿ ಬರೆಸಿಕೊಳ್ಳಿ. ಇಲ್ಲಾಂದ್ರೆ ನೀವು ಹೋಲಿಸಿದ ಹೋಟೆಲ್ ಒಂದು, ಇಳಿದುಕೊಳ್ಳೋ ಹೋಟೆಲ್ ಇನ್ನೊಂದು ಆಗುತ್ತೆ, ಇಲ್ಲಿ ಮಾಡಿದ ಲೆಕ್ಕ ಎಲ್ಲ ವ್ಯರ್ಥ. ವೋಚರ್ ಕೈಗೆ ಬಂದ ಮೇಲೆ ಅದರಲ್ಲಿರೋ ನಂಬರಿಗಲ್ಲ, ಹೋಟೆಲ್‌ನ ಸ್ವಂತ ವೆಬ್‌ಸೈಟಿನಲ್ಲಿರೋ ನಂಬರಿಗೆ ಫೋನ್ ಮಾಡಿ. ಬುಕಿಂಗ್ ನಂಬರ್ ಹೇಳಿ, "ರೂಮು ಹಿಡಿದಿಟ್ಟಿದ್ದೀರಾ, ಇಲ್ಲಾ ದುಡ್ಡು ಸಂದಾಯ ಆಗಿದೆಯಾ?" ಅಂತ ಕೇಳಿ. ಬರೀ ಹಿಡಿದಿಟ್ಟಿದ್ದರೆ ಯಾವ ತಾರೀಕಿನವರೆಗೆ ಅಂತ ತಿಳಿದುಕೊಂಡು, ಆ ತಾರೀಕು ಕಳೆದ ಮರುದಿನ ಇನ್ನೊಮ್ಮೆ ಫೋನ್ ಮಾಡಿ.

ಶಿಕ್ಷಕಿ: ಹಡಗಿನ ಎರಡು ಪ್ರಶ್ನೆನೂ ಕಳಿಸಿದೆ ಸರ್. ಬದಲಿ ರೂಮು ಹುಡುಕಿ ಕೊಡ್ತೀವಿ ಅಂದಿದ್ದಾರೆ, ದುಡ್ಡಿನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಪ್ರವಾಸ ಬುಕಿಂಗ್ ಮಾಡುವವರು: ಬರೋವರೆಗೆ ಅಡ್ವಾನ್ಸ್ ಕೊಡಬೇಡಿ ಮೇಡಂ. ರಿಫಂಡ್ ಇಲ್ಲದ ವಿಮಾನದ ಟಿಕೆಟ್ಟೂ ತೆಗೀಬೇಡಿ. ಮೊದಲು ಆ ತಾರೀಕುಗಳಿಗೆ ಹಡಗಿನಲ್ಲಿ ನಾಲ್ಕು ಸೀಟು ಇದೆಯಾ ನೋಡಿಸಿ.